ಅರ್ಲಿ ಡಿಸಿಷನ್‌ಗೆ ಸಹಿ ಹಾಕುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿ ಓದಲು ಹೊರಟ ಪಿಯುಸಿ ಮತ್ತು ಹನ್ನೆರಡನೇ ತರಗತಿಯ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರು, ಪ್ರತಿ ವರ್ಷ ಸೆಪ್ಟೆಂಬರ್ ಹೊತ್ತಿಗೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು. ಆದರೆ ಫೀಸಿಗೆ ಸಹಾಯಧನ ಬೇಕಾದವರು ಕೊನೆಯ ಭಾಗವನ್ನು ಓದದೆ ಸಹಿ ಹಾಕಬೇಡಿ.

## ಮೊದಲು ತಿಳಿಯಬೇಕಾದದ್ದು

ಅರ್ಲಿ ಡಿಸಿಷನ್ ಅಂದ್ರೆ ಬೇಗ ಅರ್ಜಿ ಹಾಕೋದು, ಅಷ್ಟೇ ತಾನೆ?

ಅಷ್ಟೇ ಅಲ್ಲ. ಬೇಗ ಹಾಕುವುದು ಅದರ ಅರ್ಧ ಭಾಗ. ಇನ್ನರ್ಧ, "ಸೀಟು ಕೊಟ್ಟರೆ ನಾನು ಇಲ್ಲಿಗೇ ಬರುತ್ತೇನೆ, ಉಳಿದ ಕಡೆಯ ಅರ್ಜಿಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ" ಎಂದು ಮೊದಲೇ ಬರೆದುಕೊಡುವುದು. ಹಾಗೆ ಬರೆದುಕೊಡಲು ಸಾಧ್ಯವಿರುವುದು ಒಂದೇ ಒಂದು ಕಾಲೇಜಿಗೆ.

ಸಾಮಾನ್ಯವಾಗಿ ನವೆಂಬರ್ 1 ಅಥವಾ 15 ಕೊನೆಯ ದಿನ, ಡಿಸೆಂಬರ್ ಮಧ್ಯದಲ್ಲಿ ಫಲಿತಾಂಶ. ಕೆಲವು ಕಾಲೇಜುಗಳಲ್ಲಿ ಎರಡನೇ ಸುತ್ತೂ ಇದೆ. ಅದಕ್ಕೆ ಜನವರಿಯ ಮೊದಲ ಹದಿನೈದು ದಿನಗಳೊಳಗೆ ಅರ್ಜಿ ಹಾಕಬೇಕು, ಫೆಬ್ರವರಿ ಮಧ್ಯದಲ್ಲಿ ಉತ್ತರ ಬರುತ್ತದೆ. ರೆಗ್ಯುಲರ್ ಡಿಸಿಷನ್‌ನಲ್ಲಿ ಇಂಥ ಯಾವ ಕಟ್ಟುಪಾಡೂ ಇಲ್ಲ. ಜನವರಿ ಆರಂಭದಲ್ಲಿ ಎಷ್ಟು ಕಡೆಗೆ ಬೇಕಾದರೂ ಹಾಕಿ, ಮಾರ್ಚ್ ಕೊನೆಯ ಹೊತ್ತಿಗೆ ಬಂದ ಆಫರ್‌ಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ, ಮೇ 1ರೊಳಗೆ ಒಂದನ್ನು ಆರಿಸಿಕೊಳ್ಳಬಹುದು.

ಅರ್ಲಿ ಆಕ್ಷನ್ ಅಂತ ಇನ್ನೊಂದಿದೆಯಲ್ಲ, ಅದೂ ಇದೂ ಒಂದೇನಾ?

ಅರ್ಲಿ ಆಕ್ಷನ್‌ನಲ್ಲಿ ಅರ್ಜಿಯೂ ಬೇಗ, ಉತ್ತರವೂ ಬೇಗ, ಆದರೆ ಸೇರಲೇಬೇಕೆಂಬ ಬಂಧನ ಇಲ್ಲ. ಸೀಟು ಸಿಕ್ಕರೂ ಮೇ 1ರವರೆಗೆ ಯೋಚಿಸಬಹುದು. ಎಂಐಟಿ, ಪರ್ಡ್ಯೂ, ಜಾರ್ಜಿಯಾ ಟೆಕ್ ಇವೆಲ್ಲ ಈ ಗುಂಪಿನವು. ಬ್ರೌನ್, ಕಾರ್ನೆಲ್, ಕೊಲಂಬಿಯಾ, ಡಾರ್ಟ್‌ಮತ್, ಡ್ಯೂಕ್, ನಾರ್ತ್‌ವೆಸ್ಟರ್ನ್, ರೈಸ್‌ಗಳಲ್ಲಿರುವುದು ಬಂಧನವಿರುವ ಅರ್ಲಿ ಡಿಸಿಷನ್.

ಇವೆರಡರ ನಡುವೆ ಇನ್ನೊಂದು ಬಗೆ ಇದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ಗಳ ಅರ್ಲಿ ಅರ್ಜಿಯಲ್ಲಿ ಸೇರಲೇಬೇಕೆಂಬ ಬಂಧನ ಇಲ್ಲ. ಆದರೆ ಅದೇ ಸಮಯದಲ್ಲಿ ಬೇರೆ ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಲಿಯಲ್ಲಿ ಹಾಕುವಂತಿಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಿಗೂ ಹೊರದೇಶದವಕ್ಕೂ, ಬಂಧನವಿಲ್ಲದ ಅರ್ಜಿಯಾದರೆ, ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಕಾಲೇಜಿನ ಪ್ರವೇಶ ಪುಟದಲ್ಲಿ ಆ ವರ್ಷದ ನಿಯಮವನ್ನು ಓದಿಯೇ ಮುಂದುವರಿಯಿರಿ. ಈ ಷರತ್ತುಗಳು ಕಾಲೇಜಿನಿಂದ ಕಾಲೇಜಿಗೆ ಬೇರೆ.

ಮಗಳು ಎಂ.ಎಸ್.ಗೆ ಹಾಕ್ತಿದ್ದಾಳೆ. ಅವಳಿಗೂ ಇದು ಅನ್ವಯಿಸುತ್ತಾ?

ಸಾಮಾನ್ಯವಾಗಿ ಇಲ್ಲ. ಇದು ಪದವಿ ಪ್ರವೇಶದ ಪದ್ಧತಿ.

ನಮ್ಮ ಪಿಯು ಕಾಲೇಜಲ್ಲಿ ಕೌನ್ಸೆಲರ್ ಅಂತ ಯಾರೂ ಇಲ್ಲ. ಸಹಿ ಯಾರು ಹಾಕಬೇಕು?

ಒಪ್ಪಂದಕ್ಕೆ ಮೂರು ಸಹಿ ಬೇಕು: ವಿದ್ಯಾರ್ಥಿಯದು, ತಂದೆ ಅಥವಾ ತಾಯಿಯದು, ಶಾಲೆಯ ಕಡೆಯಿಂದ ಕೌನ್ಸೆಲರದು. ಕೌನ್ಸೆಲರ್ ಇಲ್ಲದ ಕಡೆ ಪ್ರಾಂಶುಪಾಲರೋ ಅವರು ಹೇಳಿದ ಉಪನ್ಯಾಸಕರೋ ಆ ಕೆಲಸ ಮಾಡಬಹುದು. ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್ ಜಾಲತಾಣದಲ್ಲಿ ಅವರ ಇಮೇಲ್ ಕೊಟ್ಟರೆ ಅವರಿಗೊಂದು ಲಿಂಕ್ ಹೋಗುತ್ತದೆ. ಅಂಕಪಟ್ಟಿ, ಶಾಲಾ ವರದಿ, ಒಪ್ಪಂದದ ಸಹಿ ಎಲ್ಲವೂ ಅಲ್ಲೇ. ಕಾಲೇಜಿನ ಹೆಸರಿನ ಇಮೇಲ್ ಇದ್ದರೆ ಒಳ್ಳೆಯದು.

ಕಷ್ಟ ಇರುವುದು ಸಹಿ ಹಾಕಿಸುವುದರಲ್ಲಲ್ಲ, ಅದರ ಅರ್ಥವನ್ನು ಅವರಿಗೆ ತಿಳಿಸುವುದರಲ್ಲಿ. ದಾಖಲಾತಿ ಕಾಗದಕ್ಕೆ ಸೀಲು ಒತ್ತಿದ ಹಾಗೆ ಒತ್ತಿಬಿಡುತ್ತಾರೆ. ಆಮೇಲೆ ಇನ್ನೊಬ್ಬ ವಿದ್ಯಾರ್ಥಿ ಅದೇ ಕಾಲೇಜಿನಿಂದ ಅರ್ಜಿ ಹಾಕಿದಾಗ ಹಿಂದಿನವರು ಮಾತು ಮುರಿದಿದ್ದರೆ ಅದರ ಬಿಸಿ ತಟ್ಟುವುದು ಅವನಿಗೆ. ಪ್ರಾಂಶುಪಾಲರ ಹತ್ತಿರ ಹತ್ತು ನಿಮಿಷ ಕೂತು ಇದನ್ನು ವಿವರಿಸಿ. ಮೊದಲ ಪಿಯುಸಿಯ ಅಂಕ ಮತ್ತು ದ್ವಿತೀಯ ಪಿಯುಸಿಯ ಮಧ್ಯಂತರ ಪರೀಕ್ಷೆಯ ಅಂಕಗಳು ಅಕ್ಟೋಬರ್ ಕೊನೆಯೊಳಗೆ ಕೈಗೆ ಸಿಗುವಂತೆಯೂ ಕೇಳಿಕೊಳ್ಳಿ. ಅರ್ಲಿ ಅರ್ಜಿ ನಿಲ್ಲುವುದೇ ಅವುಗಳ ಮೇಲೆ.

ಅರ್ಲಿಯಲ್ಲಿ ಹಾಕಿದ್ರೆ ಸೀಟು ಸುಲಭವಾಗಿ ಸಿಗುತ್ತೆ ಅಂತಾರಲ್ಲ, ನಿಜವಾ?

ಅಂಕಿಗಳು ಹಾಗೇ ಕಾಣುತ್ತವೆ. 2025ರಲ್ಲಿ ಸೇರಿದ ತಂಡಕ್ಕೆ ಬ್ರೌನ್ ವಿಶ್ವವಿದ್ಯಾಲಯ 5,048 ಅರ್ಲಿ ಅರ್ಜಿಗಳಲ್ಲಿ 906 ಮಂದಿಯನ್ನು ಆರಿಸಿತು, ಅಂದರೆ ಸುಮಾರು ಶೇಕಡಾ 18. ಎರಡೂ ಸುತ್ತು ಸೇರಿಸಿದರೆ ಆಯ್ಕೆಯಾದವರು ಶೇಕಡಾ 6ಕ್ಕಿಂತ ಕಡಿಮೆ.

ಆದರೆ ಆ 18ರಲ್ಲಿ ಯಾರಿದ್ದಾರೆ ನೋಡಬೇಕು. ಕ್ರೀಡಾ ತಂಡಗಳಿಗೆ ಕೋಚ್‌ಗಳು ಮೊದಲೇ ಆರಿಸಿಕೊಂಡವರು, ಎಷ್ಟೋ ಕಾಲೇಜುಗಳಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳು, ಪೂರ್ತಿ ಫೀಸು ಕಟ್ಟಬಲ್ಲವರು ಎಲ್ಲ ಈ ಸುತ್ತಿನಲ್ಲೇ ಹೆಚ್ಚು. ಕರ್ನಾಟಕದಿಂದ, ಅದರಲ್ಲೂ ಸಹಾಯಧನ ಕೇಳಿಕೊಂಡು ಅರ್ಜಿ ಹಾಕುವ ಹುಡುಗನಿಗೆ ಅನುಕೂಲ ಒಂದಿಷ್ಟು ಇದ್ದೀತು, ಮೂರು ಪಟ್ಟು ಖಂಡಿತ ಇಲ್ಲ. ಕಾಲೇಜಿಗೆ ಇದರಿಂದ ಸಿಗುವ ಲಾಭ ಸ್ಪಷ್ಟ: ಆರಿಸಿದವರು ಬಂದೇ ಬರುತ್ತಾರೆಂಬ ಖಾತ್ರಿ. ಆ ಖಾತ್ರಿಗೆ ಪ್ರತಿಯಾಗಿ ವಿದ್ಯಾರ್ಥಿ ಬಿಟ್ಟುಕೊಡುವುದು ಏನೆಂಬುದು ಮುಂದಿನ ಭಾಗದಲ್ಲಿದೆ.

## ಒಪ್ಪಂದ ಮತ್ತು ಬೇರೆ ಕಡೆಯ ಆಫರ್‌ಗಳು

ಅರ್ಲಿ ಡಿಸಿಷನ್ ಹಾಕಿದ ಮೇಲೆ ಬೇರೆ ಎಲ್ಲೂ ಹಾಕಲೇಬಾರದಾ?

ಹಾಕಬಹುದು. ಎರಡನೇ ಕಡೆಗೆ ಅರ್ಲಿ ಡಿಸಿಷನ್ ಹಾಕುವಂತಿಲ್ಲ, ಅಷ್ಟೇ. ಹಾಗೆ ಎರಡು ಕಡೆ ಹಾಕಿ ಗೊತ್ತಾದರೆ ಎರಡೂ ಸೀಟು ಹೋಗಬಹುದು. ಆದರೆ ಅರ್ಲಿ ಆಕ್ಷನ್‌ಗೆ, ನವೆಂಬರ್ 30ಕ್ಕೆ ಮುಗಿಯುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಜಿಗೆ, ರೆಗ್ಯುಲರ್‌ಗೆ ಅಡ್ಡಿಯಿಲ್ಲ. ಕೆಲವೇ ಕಾಲೇಜುಗಳಲ್ಲಿ ಇದಕ್ಕೂ ಮಿತಿ ಇರುತ್ತದೆ, ನಿಯಮ ನೋಡಿಕೊಳ್ಳಿ.

ಡಿಸೆಂಬರ್‌ನಲ್ಲಿ ಸೀಟು ಸಿಕ್ಕಿತೆಂದರೆ ಚಿತ್ರ ಬದಲಾಗುತ್ತದೆ. ಬಾಕಿ ಇರುವ ಅರ್ಜಿಗಳನ್ನೆಲ್ಲ ಆಯಾ ಕಾಲೇಜಿನ ಪೋರ್ಟಲ್‌ನಲ್ಲೋ ಇಮೇಲ್‌ನಲ್ಲೋ ಹಿಂಪಡೆಯಬೇಕು. ಅರ್ಲಿ ಆಕ್ಷನ್‌ನಲ್ಲಿ ಆಗಲೇ ಬಂದಿರುವ ಸೀಟನ್ನು ಬೇಡವೆಂದು ತಿಳಿಸಬೇಕು. ಹೊಸ ಅರ್ಜಿ ಹಾಕುವಂತಿಲ್ಲ. ಕಟ್ಟಿದ ಅರ್ಜಿ ಶುಲ್ಕ ವಾಪಸ್ ಬರುವುದಿಲ್ಲ. ಸಹಾಯಧನ ಕೇಳಿದವರಿಗೆ ಇಲ್ಲೊಂದು ಮುಖ್ಯ ರಿಯಾಯಿತಿ ಇದೆ: ಆ ಕಾಲೇಜು ಎಷ್ಟು ಹಣ ಕೊಡುತ್ತದೆಂಬ ಲಿಖಿತ ಉತ್ತರ ಬರುವವರೆಗೆ ಹಳೆಯ ಅರ್ಜಿಗಳನ್ನು ಹಿಂಪಡೆಯಬೇಕಿಲ್ಲ.

ಈ ಕಾರಣಕ್ಕೇ ನಾನು ಹೇಳುವುದು, ಮನಸ್ಸಿನಲ್ಲಿರುವ ರೆಗ್ಯುಲರ್ ಅರ್ಜಿಗಳಲ್ಲಿ ಕೆಲವನ್ನಾದರೂ ಡಿಸೆಂಬರ್ ಮೊದಲ ವಾರದೊಳಗೆ ಕಳುಹಿಸಿ. ಫಲಿತಾಂಶ ಬಂದ ಮೇಲೆ ಇದ್ದ ಅರ್ಜಿ ಉಳಿಸಿಕೊಳ್ಳಬಹುದು, ಹೊಸದನ್ನು ಸೇರಿಸಲಾಗದು.

ಇಂಗ್ಲೆಂಡಿಗೂ ಹಾಕಿದ್ದಾನೆ, ಸಿಇಟಿ ಕಾಮೆಡ್‌ಕೆ ಕೂಡ ಬರೀತಾನೆ. ಅವೂ ಲೆಕ್ಕಕ್ಕೆ ಬರುತ್ವಾ?

ಇಂಗ್ಲೆಂಡ್ ಬರುತ್ತದೆ. ಒಪ್ಪಂದದ ಸಾಮಾನ್ಯ ನಮೂನೆಯ ಮಾತು ಅಮೆರಿಕಕ್ಕೆ ಮಾತ್ರ ಸೀಮಿತವಲ್ಲ, ಯಾವ ದೇಶದ ವಿಶ್ವವಿದ್ಯಾಲಯವಾದರೂ ಸೇರುತ್ತದೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗೆ ಅಕ್ಟೋಬರ್ 15ಕ್ಕೇ ಅರ್ಜಿ ಮುಗಿಯುತ್ತದೆ, ಉತ್ತರ ಬರುವುದು ಜನವರಿಯಲ್ಲಿ. ನಡುವೆ ಡಿಸೆಂಬರ್‌ನಲ್ಲಿ ಅರ್ಲಿ ಡಿಸಿಷನ್ ಸೀಟು ಸಿಕ್ಕರೆ, ಆಕ್ಸ್‌ಫರ್ಡ್ ಏನು ಹೇಳುತ್ತಿತ್ತೋ ಎಂದು ನೋಡಲು ಕಾಯುವಂತಿಲ್ಲ. ಮಗನ ನಿಜವಾದ ಆಸೆ ಕೇಂಬ್ರಿಡ್ಜ್ ಆಗಿದ್ದರೆ ಅರ್ಲಿ ಡಿಸಿಷನ್ ಅವನಿಗೆ ಸರಿಯಾದ ದಾರಿಯೇ ಅಲ್ಲ. ಅರ್ಲಿ ಆಕ್ಷನ್ ಇರುವ ಕಡೆ ಹಾಕಲಿ.

ಸಿಇಟಿ, ಜೆಇಇ, ಕಾಮೆಡ್‌ಕೆ ಪರೀಕ್ಷೆಗಳ ವಿಷಯ ಸ್ವಲ್ಪ ಬೇರೆ. ಅವು ಪ್ರವೇಶ ಪರೀಕ್ಷೆಗಳು, ರ್‍ಯಾಂಕ್ ಬಂದು ಸೀಟು ಹಂಚಿಕೆಯಾಗುವುದು ಬೇಸಿಗೆ ಕಳೆಯುತ್ತ ಬಂದಾಗ. ವೀಸಾ ಕೈಗೆ ಬರುವವರೆಗೆ ಧೈರ್ಯಕ್ಕೆ ಪರೀಕ್ಷೆ ಬರೆದಿಡುವವರು ಬಹಳ ಮಂದಿ. ಅದನ್ನು ತಪ್ಪೆಂದು ನಾನು ಹೇಳಲಾರೆ. ಆದರೆ ಕೌನ್ಸೆಲಿಂಗ್‌ನಲ್ಲಿ ಸೀಟು ಹಿಡಿದು ಎರಡು ದೋಣಿಯ ಮೇಲೆ ಕಾಲಿಡುವುದು ಒಪ್ಪಂದದ ಆಶಯಕ್ಕೆ ವಿರುದ್ಧ. ಸಂದೇಹವಿದ್ದರೆ ಆ ಕಾಲೇಜಿನ ಪ್ರವೇಶ ಕಚೇರಿಗೇ ನಾಲ್ಕು ಸಾಲಿನ ಇಮೇಲ್ ಬರೆದು ಉತ್ತರವನ್ನು ಇಟ್ಟುಕೊಳ್ಳಿ.

ಇನ್ನೊಂದು ಕಡೆ ಸ್ಕಾಲರ್‌ಶಿಪ್ ಸಮೇತ ಸೀಟು ಬಂದಿದೆ. ಅದನ್ನ ತೋರಿಸಿ ಇವರ ಹತ್ರ ಫೀಸು ಕಮ್ಮಿ ಮಾಡಿಸ್ಬಹುದಾ?

ರೆಗ್ಯುಲರ್‌ನಲ್ಲಾದರೆ ಮಾಡಿಸಲು ನೋಡಬಹುದು. ಏಪ್ರಿಲ್‌ನಲ್ಲಿ ಎರಡು ಆಫರ್ ಹಿಡಿದು "ಅವರು ವರ್ಷಕ್ಕೆ 20,000 ಡಾಲರ್ ಕೊಡುತ್ತಿದ್ದಾರೆ, ನೀವು ಮರುಪರಿಶೀಲಿಸುತ್ತೀರಾ" ಎಂದು ವಿನಯವಾಗಿ ಕೇಳುವುದು ಅಲ್ಲಿ ಮಾಮೂಲು. ಎಲ್ಲರೂ ಒಪ್ಪುವುದಿಲ್ಲ, ಕೆಲವರು ಒಪ್ಪುತ್ತಾರೆ.

ಅರ್ಲಿ ಡಿಸಿಷನ್‌ನಲ್ಲಿ ನೀವು ಕಳೆದುಕೊಳ್ಳುವುದು ಇದನ್ನೇ. ಬೇರೆ ಕಡೆ ಎಷ್ಟಕ್ಕೆ ಆಗುತ್ತಿತ್ತೆಂದು ತಿಳಿಯುವ ಮೊದಲೇ ಇಲ್ಲಿ ಮಾತು ಕೊಟ್ಟಾಗಿದೆ. ನೀವು ಬರುತ್ತೀರೆಂದು ಗೊತ್ತಿರುವ ಕಾಲೇಜಿಗೆ ನಿಮ್ಮನ್ನು ಓಲೈಸುವ ಅಗತ್ಯವೂ ಇಲ್ಲ. ಪ್ರತಿಭೆ ಆಧಾರದ ಸ್ಕಾಲರ್‌ಶಿಪ್‌ಗಳನ್ನು ಎಷ್ಟೋ ಕಾಲೇಜುಗಳು ರೆಗ್ಯುಲರ್ ಸುತ್ತಿನಲ್ಲಿ ವಿದ್ಯಾರ್ಥಿಗಳನ್ನು ಸೆಳೆಯಲು ಬಳಸುತ್ತವೆ. ಈ ಬಗ್ಗೆ ಅಮೆರಿಕದಲ್ಲೇ ಅಸಮಾಧಾನ ಇದೆ. ಅರ್ಲಿ ಡಿಸಿಷನ್ ಪೈಪೋಟಿಯನ್ನು ಕೊಂದು ಬೆಲೆ ಏರಿಸುತ್ತಿದೆ ಎಂದು 2025ರ ಆಗಸ್ಟ್‌ನಲ್ಲಿ ಕೆಲವು ವಿದ್ಯಾರ್ಥಿಗಳು ಹಲವು ಹೆಸರಾಂತ ಖಾಸಗಿ ಕಾಲೇಜುಗಳ ವಿರುದ್ಧ ಅಲ್ಲಿನ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು.

ಇನ್ನೊಂದು ಕಡೆಯ ಆಫರ್ ನಿಮ್ಮ ಮನೆಯ ಲೆಕ್ಕಕ್ಕೆ ಮಾತ್ರ ಉಪಯೋಗ. ಅರ್ಲಿ ಡಿಸಿಷನ್ ಕಾಲೇಜಿಗೆ ಬರೆಯುವಾಗ ಅದನ್ನು ಎತ್ತಬೇಡಿ, ನಿಮ್ಮ ಸಂಬಳ ಸಾಲಗಳ ಬಗ್ಗೆ ಮಾತಾಡಿ. ಅವರು ಕಿವಿಗೊಡುವುದು ಅದಕ್ಕೆ.

ಡಿಸೆಂಬರ್‌ನಲ್ಲಿ 'ಡಿಫರ್' ಅಂತ ಬಂತು. ನಾನಿನ್ನೂ ಕಟ್ಟುಬಿದ್ದಿದೀನಾ?

ಇಲ್ಲ. ಡಿಫರ್ ಎಂದರೆ ನಿಮ್ಮ ಅರ್ಜಿಯನ್ನು ರೆಗ್ಯುಲರ್ ರಾಶಿಗೆ ಸೇರಿಸಿದ್ದಾರೆ ಎಂದರ್ಥ, ಅಲ್ಲಿಗೆ ಬಂಧನ ಮುಗಿಯಿತು. ಮಾರ್ಚ್‌ನಲ್ಲಿ ಅದೇ ಕಾಲೇಜು ಸೀಟು ಕೊಟ್ಟರೂ ಬೇಡ ಎನ್ನಬಹುದು. ಪೂರ್ತಿ ತಿರಸ್ಕರಿಸಿದ್ದರೆ ಮಾತ್ರ ಆ ವರ್ಷ ಅದೇ ಕಾಲೇಜಿಗೆ ರೆಗ್ಯುಲರ್‌ನಲ್ಲಿ ಮತ್ತೆ ಹಾಕಲು ಬರುವುದಿಲ್ಲ.

ಎರಡೂ ಸಂದರ್ಭದಲ್ಲಿ ಬೇರೊಂದು ಕಾಲೇಜಿನ ಎರಡನೇ ಅರ್ಲಿ ಸುತ್ತಿಗೆ ಹಾಕಬಹುದು. ಆಗ ಹೊಸ ಒಪ್ಪಂದ ಶುರುವಾಗುತ್ತದೆ. ಫೆಬ್ರವರಿಯಲ್ಲಿ ಅವರು ಸೀಟು ಕೊಟ್ಟರೆ ಡಿಫರ್ ಮಾಡಿದ ಮೊದಲ ಕಾಲೇಜಿನಿಂದಲೂ ಅರ್ಜಿ ಹಿಂಪಡೆಯಬೇಕು, ಅದು ಎಷ್ಟೇ ಇಷ್ಟದ್ದಾಗಿರಲಿ. ಡಿಸೆಂಬರ್‌ನ ನಿರಾಸೆಯಲ್ಲಿ, ರಜೆಯ ಹತ್ತು ದಿನದಲ್ಲಿ, ಇನ್ನೊಂದು ಹೆಸರಿಗೆ ಸಹಿ ಹಾಕಿಬಿಡುವವರನ್ನು ಕಂಡಾಗ ನನಗೆ ಕಳವಳವಾಗುತ್ತದೆ. ಎರಡನೇ ಸುತ್ತಿನ ಕಾಲೇಜು ಯಾವುದೆಂದು ಅಕ್ಟೋಬರ್‌ನಲ್ಲೇ ತೀರ್ಮಾನಿಸಿಟ್ಟುಕೊಳ್ಳಿ.

## ಹಣ ಮತ್ತು ಬಿಡುಗಡೆ

ಸಹಾಯಧನ ಕೇಳಿದ್ರೆ ಸೀಟು ಹೋಗುತ್ತೆ ಅಂತಾರೆ. ಈಗ ಬೇಡ ಅಂದು ಸೇರಿದ ಮೇಲೆ ಕೇಳಿದ್ರೆ?

ಮೊದಲ ಮಾತಿನಲ್ಲಿ ನಿಜಾಂಶ ಇದೆ. ಹೆಚ್ಚಿನ ಕಾಲೇಜುಗಳು ಹೊರದೇಶದ ವಿದ್ಯಾರ್ಥಿಗಳ ಆಯ್ಕೆಯಲ್ಲಿ ಅವರಿಗೆಷ್ಟು ಹಣ ಬೇಕೆಂಬುದನ್ನೂ ತೂಗುತ್ತವೆ. ತೂಗದಿರುವವು ಬೆರಳೆಣಿಕೆ. ಅವುಗಳಲ್ಲಿ ಅರ್ಲಿ ಡಿಸಿಷನ್ ಇರುವವು ಆಮ್ಹರ್ಸ್ಟ್, ಡಾರ್ಟ್‌ಮತ್, ಬೋಡಿನ್, ಬ್ರೌನ್ ಮುಂತಾದವು. ನಿಮ್ಮ ಮಗು ಈ ಪಟ್ಟಿಯ ಕಾಲೇಜನ್ನೇ ಮನಸಾರೆ ಬಯಸಿದ್ದರೆ ಅರ್ಲಿ ಡಿಸಿಷನ್ ಬಹಳ ಒಳ್ಳೆಯ ಆಯ್ಕೆ.

ಎರಡನೆಯದು ಅಪಾಯದ ಯೋಚನೆ. ಅರ್ಜಿಯಲ್ಲಿ ಬೇಡ ಎಂದ ಹೊರದೇಶದ ವಿದ್ಯಾರ್ಥಿಗೆ ನಾಲ್ಕೂ ವರ್ಷ ಕೊಡುವುದಿಲ್ಲ ಎಂಬ ನಿಯಮ ಬಹಳ ಕಡೆ ಇದೆ. ಅದಕ್ಕಿಂತ ಮುಖ್ಯವಾಗಿ, ಬೇಡ ಎಂದು ಬರೆದವರಿಗೆ ಹಣ ಸಾಲದೆಂಬ ಕಾರಣದಿಂದ ಒಪ್ಪಂದ ಬಿಡುವ ದಾರಿಯೂ ಮುಚ್ಚುತ್ತದೆ. ಕೇಳದ ಸಹಾಯಧನ ಸಿಗಲಿಲ್ಲ ಎಂದು ಹೇಳುವುದು ಹೇಗೆ?

ಸೀಟು ಸಿಕ್ತು, ಆದ್ರೆ ದುಡ್ಡು ಸಾಲ್ದು. ಈಗ ಏನ್ ಮಾಡ್ಲಿ?

ಗಾಬರಿ ಬೇಡ, ಈ ಒಂದು ಕಾರಣಕ್ಕೆ ಒಪ್ಪಂದದಿಂದ ಗೌರವವಾಗಿ ಹೊರಬರಬಹುದು. ಹೇಗೆಂದು ಒಂದು ಕಲ್ಪಿತ ಉದಾಹರಣೆಯಲ್ಲಿ ನೋಡೋಣ.

ಧಾರವಾಡದ ಒಂದು ಕುಟುಂಬ ಎಂದಿಟ್ಟುಕೊಳ್ಳಿ. ಕಾಲೇಜಿನ ವಾರ್ಷಿಕ ಖರ್ಚು ಊಟ, ವಸತಿ, ವಿಮೆ ಎಲ್ಲ ಸೇರಿ 92,000 ಡಾಲರ್. ತಾವು ವರ್ಷಕ್ಕೆ 30,000 ಕೊಡಬಲ್ಲೆವೆಂದು ಅವರು ಬರೆದಿದ್ದರು. ಡಿಸೆಂಬರ್ ಮಧ್ಯದಲ್ಲಿ ಸೀಟು ಬಂತು. ಜೊತೆಗೆ 45,000 ಡಾಲರ್ ಅನುದಾನ, ಕ್ಯಾಂಪಸ್ ಕೆಲಸದಿಂದ 3,000 ಎಂಬ ಲೆಕ್ಕ. ಉಳಿದ 44,000 ಮನೆಯವರದು. ಅಂದರೆ ವರ್ಷಕ್ಕೆ 14,000 ಡಾಲರ್ ಕೊರತೆ. ಡಾಲರಿಗೆ 88 ರೂಪಾಯಿ ಹಿಡಿದರೆ ನಾಲ್ಕು ವರ್ಷಕ್ಕೆ ಸುಮಾರು 49 ಲಕ್ಷ. ಅಮೆರಿಕ ಸರ್ಕಾರದ ಶಿಕ್ಷಣ ಸಾಲ ಹೊರದೇಶದವರಿಗೆ ಇಲ್ಲ, ಫೀಸು ವರ್ಷ ವರ್ಷ ಏರುತ್ತದೆ.

ಮೊದಲ ಕೆಲಸ, ಸೀಟು ಒಪ್ಪಿಕೊಂಡು ಮುಂಗಡ ಕಟ್ಟದಿರುವುದು. ಮುಂಗಡ ಕಟ್ಟಿದರೆ ಕೊಟ್ಟ ಹಣಕ್ಕೆ ಒಪ್ಪಿದಂತೆ. ಅದೇ ದಿನ ಸಹಾಯಧನ ಕಚೇರಿಗೆ ಬರೆದು, ಮರುಪರಿಶೀಲನೆ ಕೇಳುತ್ತಿದ್ದೇವೆ, ಉತ್ತರ ಬರುವವರೆಗೆ ಒಪ್ಪಿಗೆಯ ಗಡುವು ಮುಂದಕ್ಕೆ ಹಾಕಿ ಎಂದು ಕೇಳಬೇಕು.

ಎರಡನೆಯದು, ಕೊರತೆ ಎಲ್ಲಿಂದ ಹುಟ್ಟಿತೆಂದು ಹುಡುಕುವುದು. ಇಂಥ ಹೆಚ್ಚಿನ ಕಾಲೇಜುಗಳು ಸಿಎಸ್‌ಎಸ್ ಪ್ರೊಫೈಲ್ ಎಂಬ ನಮೂನೆಯಲ್ಲಿ ಆದಾಯದ ಜೊತೆ ಆಸ್ತಿಯನ್ನೂ ಕೇಳುತ್ತವೆ. ನಮ್ಮ ಕಡೆ ತೊಡಕು ಬರುವುದು ಇಲ್ಲೇ. ನಮ್ಮ ಉದಾಹರಣೆಯಲ್ಲಿ ಅಜ್ಜನ ಕಾಲದ ಹೊಲ ಪಹಣಿಯಲ್ಲಿ ತಂದೆಯೊಬ್ಬರ ಹೆಸರಿನಲ್ಲಿದೆ, ನಿಜದಲ್ಲಿ ಮೂವರು ಅಣ್ಣತಮ್ಮಂದಿರ ಪಾಲು. ನಮೂನೆಯಲ್ಲಿ ಪೂರ್ತಿ ಬೆಲೆ ತಂದೆಯ ಆಸ್ತಿಯಾಗಿ ತುಂಬಿಬಿಟ್ಟಿದ್ದರು. ನಿವೃತ್ತಿಯ ಭವಿಷ್ಯ ನಿಧಿಯನ್ನು ಕೈಯಲ್ಲಿರುವ ಉಳಿತಾಯವೆಂದು ಬರೆಯುವುದೂ ಇಂಥದೇ ತಪ್ಪು. ಪಹಣಿ, ವಂಶವೃಕ್ಷ, ಅಣ್ಣತಮ್ಮಂದಿರ ಹೇಳಿಕೆ, ಇವುಗಳ ಇಂಗ್ಲಿಷ್ ಅನುವಾದ, ಜೊತೆಗೆ ಆದಾಯ ತೆರಿಗೆ ವಿವರ ಮತ್ತು ಇರುವ ಸಾಲದ ಕಾಗದ ಕಳುಹಿಸಿದರು. ಪತ್ರ ಒಂದೂವರೆ ಪುಟ, ಗೋಳಿಲ್ಲ, ಬರೀ ಅಂಕಿ.

ಕಾಲೇಜು 6,000 ಹೆಚ್ಚಿಸಿತು ಎನ್ನೋಣ. ಇನ್ನೂ 8,000 ಕೊರತೆ. ಸಾಲ ಮಾಡಿ ತುಂಬಬಹುದೆನಿಸಿದರೆ ಒಪ್ಪಿಕೊಳ್ಳಬಹುದು, ಆಗ ಉಳಿದ ಅರ್ಜಿಗಳನ್ನು ಹಿಂಪಡೆಯಬೇಕು. ಆಗದು ಎಂದಾದರೆ, ಕೊಟ್ಟ ಹಣದಲ್ಲಿ ಸೇರಲು ಸಾಧ್ಯವಿಲ್ಲ, ಒಪ್ಪಂದದಿಂದ ಬಿಡುಗಡೆ ಮಾಡಿ ಎಂದು ಪ್ರವೇಶ ಕಚೇರಿಗೆ ಬರೆಯಬೇಕು. ಬಿಡುಗಡೆ ಲಿಖಿತವಾಗಿ ಬರಲಿ, ಪ್ರತಿಯನ್ನು ಪ್ರಾಂಶುಪಾಲರಿಗೂ ಕೊಡಿ. ಬಿಡುಗಡೆಯಾದ ಸೀಟು ಮಾರ್ಚ್‌ನಲ್ಲಿ ಮತ್ತೆ ಸಿಗುವುದೆಂದು ನೆಚ್ಚಿಕೊಳ್ಳುವಂತಿಲ್ಲ.

ಈ ಪತ್ರ ವ್ಯವಹಾರ ನಡೆಯುವುದು ಕ್ರಿಸ್‌ಮಸ್ ರಜೆಯಲ್ಲಿ. ಅಲ್ಲಿನ ಕಚೇರಿಗಳು ಹೆಚ್ಚುಕಡಿಮೆ ಜನವರಿ 2ರವರೆಗೆ ಮುಚ್ಚಿರುತ್ತವೆ, ರೆಗ್ಯುಲರ್ ಗಡುವುಗಳು ಅದೇ ವಾರ ದಾಟಿಹೋಗುತ್ತವೆ. ಡಿಸೆಂಬರ್ ಮೊದಲ ವಾರದಲ್ಲೇ ಕಳುಹಿಸಿದ್ದ ಅರ್ಜಿಗಳು ಆಗ ಜೀವ ಉಳಿಸುತ್ತವೆ.

ದುಡ್ಡಿನ ತೊಂದರೆ ಇಲ್ಲ, ಮನಸ್ಸು ಬದಲಾಯ್ತು ಅಷ್ಟೇ. ಬರಲ್ಲ ಅಂದ್ರೆ ಕೋರ್ಟಿಗೆ ಎಳೀತಾರಾ?

ಎಳೆಯುವುದಿಲ್ಲ. ಸೇರದ ಹುಡುಗನ ಮೇಲೆ ದಾವೆ ಹಾಕಿ ಫೀಸು ವಸೂಲಿ ಮಾಡುವ ಪದ್ಧತಿ ಇಲ್ಲ. ಒಪ್ಪಂದ ನಿಂತಿರುವುದು ಬೇರೆ ಬಲದ ಮೇಲೆ. ಒಪ್ಪಂದದ ನಮೂನೆಯಲ್ಲೇ, ಸೀಟು ಸಿಕ್ಕವರ ಹೆಸರನ್ನು ಬೇರೆ ಕಾಲೇಜುಗಳೊಂದಿಗೆ ಹಂಚಿಕೊಳ್ಳಬಹುದು ಎಂಬ ಸಾಲಿಗೆ ನೀವು ಸಹಿ ಹಾಕಿರುತ್ತೀರಿ. ತಿಳಿದ ಕಾಲೇಜು ತನ್ನ ಆಫರ್ ಹಿಂಪಡೆಯಬಹುದು. ಅಂತಿಮ ಅಂಕಪಟ್ಟಿಯನ್ನು ಇನ್ನೊಂದು ಕಡೆಗೆ ಕಳುಹಿಸಲು ನಿಮ್ಮ ಶಾಲೆಯೇ ಒಪ್ಪದಿರಬಹುದು.

ಶಾಲೆಗಳಿಗೆ ಭಯ ಇರುವುದಕ್ಕೆ ಕಾರಣವಿದೆ. ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯ, ವಿದ್ಯಾರ್ಥಿಯೊಬ್ಬರು ಮಾತು ಮುರಿದದ್ದಕ್ಕೆ ಕೊಲರಾಡೋದ ಒಂದು ಶಾಲೆಯಿಂದ ಒಂದು ವರ್ಷ ಅರ್ಲಿ ಡಿಸಿಷನ್ ಅರ್ಜಿಗಳನ್ನೇ ತೆಗೆದುಕೊಳ್ಳುವುದಿಲ್ಲ ಎಂದದ್ದು 2025ರಲ್ಲಿ ಸುದ್ದಿಯಾಗಿತ್ತು. ಮಾತು ಮುರಿದವರ ಕಿರಿಯರು ಅದನ್ನು ಅನುಭವಿಸುವುದು ನನಗೆ ನ್ಯಾಯವೆನಿಸುವುದಿಲ್ಲ, ಆದರೂ ನಡೆಯುತ್ತಿರುವುದು ಹಾಗೆ.

ಮನೆಯಲ್ಲಿ ಕಾಯಿಲೆ, ಕೆಲಸ ಹೋಗುವುದು, ಸಾವು, ಇವೆಲ್ಲ ಬೇರೆ. ದಾಖಲೆ ಇಟ್ಟು ಬರೆದರೆ ಕಾಲೇಜುಗಳು ಸಾಮಾನ್ಯವಾಗಿ ಬಿಡುಗಡೆ ಮಾಡುತ್ತವೆ.

ಎಲ್ಲ ಒಪ್ಪಿ ಮುಂಗಡ ಕಟ್ಟಿದೀವಿ, ಬೇರೆ ಅರ್ಜಿಯೆಲ್ಲ ತೆಗೆದಿದೀವಿ. ವೀಸಾನೇ ಸಿಗದಿದ್ರೆ?

ವೀಸಾ ನಿರಾಕರಣೆ ನಿಮ್ಮ ತಪ್ಪಲ್ಲ, ಅದನ್ನು ಯಾರೂ ಮಾತು ಮುರಿದದ್ದು ಎನ್ನುವುದಿಲ್ಲ. ಎಫ್-1 ವೀಸಾಗೆ ಮತ್ತೆ ಅರ್ಜಿ ಹಾಕಬಹುದು. ಕಾಲೇಜು ಪ್ರವೇಶವನ್ನು ಒಂದು ವರ್ಷ ಮುಂದೂಡಲು ಒಪ್ಪಬಹುದು, ಆದರೆ ಸಹಾಯಧನವೂ ಜೊತೆಗೆ ಮುಂದೂಡಲ್ಪಡುತ್ತದೆಯೇ ಎಂದು ಪ್ರತ್ಯೇಕವಾಗಿ ಕೇಳಿ ಬರೆಸಿಕೊಳ್ಳಬೇಕು.

ಬೇರೆ ದೇಶದ ಬಾಗಿಲುಗಳು ಆ ಹೊತ್ತಿಗೆ ಮುಚ್ಚಿರುತ್ತವೆ, ಅದು ಈ ಒಪ್ಪಂದದ ದೊಡ್ಡ ನಷ್ಟ. ಆದ್ದರಿಂದ ವೀಸಾಗಾಗಿ ಕಾಲೇಜು ಕೊಡುವ ಐ-20 ಪತ್ರಕ್ಕೆ ಬೇಕಾದ ಬ್ಯಾಂಕ್ ದಾಖಲೆಗಳನ್ನು ಜನವರಿಯಿಂದಲೇ ಹೊಂದಿಸಿ, ಪತ್ರ ಬಂದ ಕೂಡಲೇ ಸಂದರ್ಶನದ ದಿನಾಂಕ ಹಿಡಿಯಿರಿ. ರೆಗ್ಯುಲರ್‌ನವರು ಮೇ ತಿಂಗಳಲ್ಲಿ ಸಾಲು ನಿಲ್ಲುತ್ತಾರೆ. ಡಿಸೆಂಬರ್‌ನಲ್ಲೇ ಸೀಟು ಖಚಿತವಾದವರಿಗೆ ಆ ಸಾಲಿಗಿಂತ ಮುಂದೆ ಹೋಗಲು ತಿಂಗಳುಗಳ ಕಾಲಾವಕಾಶ ಇರುತ್ತದೆ.